ನಾಲ್ಕನೇ ಷರತ್ತಿಗೂ ಹದಿಮೂರನೇ ಷರತ್ತಿಗೂ ಜಗಳ

ಅಂಗಡಿ ಬಾಡಿಗೆಯ ಕರಾರು ಪತ್ರವನ್ನು ಯಾರೂ ಮೊದಲಿನಿಂದ ಬರೆಯುವುದಿಲ್ಲ. ಟೈಪಿಂಗ್ ಸೆಂಟರಿನ ಕಂಪ್ಯೂಟರಿನಲ್ಲಿ ಹಿಂದೆ ಯಾರಿಗೋ ಮಾಡಿಕೊಟ್ಟ ಕರಾರು ಇರುತ್ತದೆ. ಅದರಲ್ಲೇ ಹೆಸರು, ವಿಳಾಸ, ಬಾಡಿಗೆ ಬದಲಾಯಿಸಿ ಪ್ರಿಂಟ್ ತೆಗೆಯುತ್ತಾರೆ. ಹೀಗಾಗಿ ಮೊದಲೆರಡು ಪುಟ ಹೊಸ ಬಾಡಿಗೆದಾರನದಾದರೂ ಆರನೇ ಪುಟದಲ್ಲಿ ಹಳಬನ ಷರತ್ತು ಹಾಗೇ ಕೂತಿರುತ್ತದೆ. ಕಾಗುಣಿತ ತಪ್ಪಾದರೆ ಕಣ್ಣಿಗೆ ಬೀಳುತ್ತದೆ. ಒಂದಕ್ಕೊಂದು ಹೊಂದದ ಎರಡು ಸರಿಯಾದ ವಾಕ್ಯಗಳು ಬೀಳುವುದಿಲ್ಲ.

ಮೈಸೂರಿನಲ್ಲಿ ಬೇಕರಿ ಇಡಲು ಹೊರಟವರೊಬ್ಬರ ಕರಾರು ಎಂದಿಟ್ಟುಕೊಳ್ಳೋಣ. ಅವಧಿ ಐದು ವರ್ಷ, ಬಾಡಿಗೆ ತಿಂಗಳಿಗೆ 40,000 ರೂಪಾಯಿ, ಅಡ್ವಾನ್ಸ್ 4 ಲಕ್ಷ. ನಾಲ್ಕನೇ ಷರತ್ತು ‘ಮೊದಲ ಮೂರು ವರ್ಷ ಲಾಕ್-ಇನ್ ಅವಧಿ’ ಎನ್ನುತ್ತದೆ. ಅಂದರೆ ಅಲ್ಲಿಯವರೆಗೆ ಮಾಲೀಕರು ಬಿಡಿಸುವಂತಿಲ್ಲ, ಬಾಡಿಗೆದಾರರು ಬಿಡುವಂತಿಲ್ಲ. ಹದಿಮೂರನೇ ಷರತ್ತು ‘ಉಭಯತ್ರರಲ್ಲಿ ಯಾರೇ ಆಗಲಿ ಯಾವಾಗ ಬೇಕಾದರೂ ಮೂರು ತಿಂಗಳ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು’ ಎನ್ನುತ್ತದೆ. ಓವನ್, ಗಾಜಿನ ಕೌಂಟರ್, ತ್ರೀ-ಫೇಸ್ ವಿದ್ಯುತ್ ಸಂಪರ್ಕ ಎಂದು ಲಕ್ಷಗಟ್ಟಲೆ ಸುರಿದವರಿಗೆ ವರ್ಷ ತುಂಬುವುದರೊಳಗೆ ನೋಟಿಸ್ ಬಂದರೆ? ಮಾಲೀಕರ ವಕೀಲರು ಹದಿಮೂರನ್ನು ಓದುತ್ತಾರೆ, ಇವರ ವಕೀಲರು ನಾಲ್ಕನ್ನು. ‘ಯಾವಾಗ ಬೇಕಾದರೂ’ ಎಂಬುದನ್ನು ಹೊಡೆದು ‘ಲಾಕ್-ಇನ್ ಅವಧಿ ಮುಗಿದ ಮೇಲೆ ಮಾತ್ರ’ ಎಂದು ಬರೆದಿದ್ದರೆ ಈ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ಬಾಡಿಗೆ ಬಾಕಿ ಉಳಿದರೆ ಮಾಲೀಕರು ಲಾಕ್-ಇನ್ ಒಳಗೂ ಬಿಡಿಸಬಹುದೇ ಎಂಬುದನ್ನೂ ಅಲ್ಲೇ ಹೇಳಿಬಿಡಬೇಕು.

ಇನ್ನು, ಆ ಮೂರು ವರ್ಷ ಯಾವತ್ತಿನಿಂದ? ಕರಾರಿಗೆ ಸಹಿ ಬಿದ್ದದ್ದು ಮಾರ್ಚ್ 10. ಕೀಲಿ ಕೈಗೆ ಬಂದದ್ದು ಏಪ್ರಿಲ್ 1. ಒಳಾಂಗಣ ಕೆಲಸಕ್ಕೆಂದು ಒಂದು ತಿಂಗಳು ಬಿಟ್ಟುಕೊಟ್ಟಿದ್ದರಿಂದ ಬಾಡಿಗೆ ಶುರುವಾಗುವುದು ಮೇ 1ಕ್ಕೆ. ಒಂದು ಷರತ್ತು ‘ಕರಾರಿನ ದಿನದಿಂದ’ ಎಂದೂ ಇನ್ನೊಂದು ‘ಸ್ವಾಧೀನದ ದಿನದಿಂದ’ ಎಂದೂ ಲೆಕ್ಕ ಹಾಕಿದರೆ ಲಾಕ್-ಇನ್ ಮುಗಿಯುವ ದಿನವೂ ಎರಡಾಗುತ್ತದೆ. ಆರಂಭದ ಮತ್ತು ಕೊನೆಯ ತಾರೀಖನ್ನೇ ಒಂದು ಕಡೆ ಬರೆದು, ಉಳಿದೆಲ್ಲ ಕಡೆ ಅದನ್ನೇ ಉಲ್ಲೇಖಿಸುವುದು ಲೇಸು.

ಬಾಡಿಗೆ ಏರಿಕೆಯಲ್ಲಿ ತಪ್ಪು ಅಡಗುವುದು ಕೊನೆಯ ಪುಟದ ಕೋಷ್ಟಕದಲ್ಲಿ. ಷರತ್ತಿನಲ್ಲಿ ‘ಪ್ರತಿ ವರ್ಷ ಆಗ ಚಾಲ್ತಿಯಲ್ಲಿರುವ ಬಾಡಿಗೆಯ ಮೇಲೆ ಶೇ 5’ ಎಂದಿದೆ. ಹಾಗೆ ಲೆಕ್ಕ ಹಾಕಿದರೆ 42,000, 44,100, 46,305, ಐದನೇ ವರ್ಷ 48,620 ರೂಪಾಯಿ 25 ಪೈಸೆ. ಟೈಪ್ ಮಾಡಿದವರು ವರ್ಷಕ್ಕೆ 2,000 ಕೂಡಿಸುತ್ತ ಹೋಗಿ 48,000ಕ್ಕೆ ನಿಲ್ಲಿಸಿದ್ದಾರೆ. ಐದು ವರ್ಷಕ್ಕೆ ವ್ಯತ್ಯಾಸ 12,303 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಅಡ್ವಾನ್ಸ್ ವಾಪಸ್ ಕೊಡುವ ದಿನ ‘ಬಾಡಿಗೆ ಬಾಕಿ’ ಎಂಬ ಹೆಸರಿನಲ್ಲಿ ಎದ್ದು ನಿಲ್ಲಲು ಅಷ್ಟು ಸಾಕು. ಕ್ಯಾಲ್ಕ್ಯುಲೇಟರ್ ಹಿಡಿದು ಪ್ರತಿ ಸಾಲನ್ನೂ ಲೆಕ್ಕ ಮಾಡದೆ ಕೋಷ್ಟಕವನ್ನು ಒಪ್ಪಬಾರದು. ಎರಡೂ ಬೇರೆಯಾದರೆ ಯಾವುದು ಊರ್ಜಿತ ಎಂಬ ಒಂದು ಸಾಲನ್ನೂ ಸೇರಿಸಬಹುದು.

ಅಡ್ವಾನ್ಸ್ ವಿಷಯದಲ್ಲಿ ಇನ್ನೂ ನಾಜೂಕಾದ ತೊಡಕಿದೆ. ಒಂದು ಕಡೆ ‘4,00,000 ರೂಪಾಯಿ’, ಮತ್ತೊಂದು ಕಡೆ ‘ಹತ್ತು ತಿಂಗಳ ಬಾಡಿಗೆ’. ಮೊದಲ ವರ್ಷ ಎರಡೂ ಒಂದೇ. ಎರಡನೇ ವರ್ಷ ಬಾಡಿಗೆ ಏರಿದಾಗ ಹತ್ತು ತಿಂಗಳದ್ದು 4,20,000 ಆಗುತ್ತದೆ. ಮಾಲೀಕರು ಇನ್ನೂ 20,000 ಕೊಡಿ ಎಂದರೆ ಅವರ ಕೈಯಲ್ಲೂ ಒಂದು ಷರತ್ತು ಇದೆ. ಖಾಲಿ ಮಾಡುವಾಗ ಪೇಂಟಿಂಗಿಗೆಂದು ಹಿಡಿದುಕೊಳ್ಳುವ ‘ಒಂದು ತಿಂಗಳ ಬಾಡಿಗೆ’ ಮೊದಲ ವರ್ಷದ್ದೋ ಕೊನೆಯದ್ದೋ ಎಂಬುದಕ್ಕೂ ಇದೇ ಗತಿ. ಹಣ ಮರಳುವ ದಿನವೂ ಹೀಗೆಯೇ: ಐದನೇ ಷರತ್ತಿನಲ್ಲಿ ‘ಕೀಲಿ ಒಪ್ಪಿಸಿದ ಕೂಡಲೇ’, ಹದಿನಾರರಲ್ಲಿ ‘ಮೂವತ್ತು ದಿನದೊಳಗೆ’. ಬಾಡಿಗೆದಾರರ ಪಾಲಿಗೆ ಕೀಲಿ ಮತ್ತು ಹಣ ಒಂದೇ ಹೊತ್ತಿಗೆ ಕೈ ಬದಲಾಗುವುದೇ ಕ್ಷೇಮ.

ಅವಧಿಗೆ ಮೊದಲೇ ಬಿಟ್ಟರೆ ‘ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು’ ಎಂದು ಬರೆದಿರುವುದೂ ಉಂಟು. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರು ಮುರಿದಾಗ ಸಿಗುವುದು ಸಮಂಜಸ ಪರಿಹಾರ. ಬರೆದುಕೊಂಡ ಮೊತ್ತ ಅದರ ಮೇಲ್ಮಿತಿಯಷ್ಟೇ. ಹಾಗೆಂದು ಕೋರ್ಟು ನೋಡಿಕೊಳ್ಳುತ್ತದೆ ಎಂದು ಆ ಸಾಲನ್ನು ಹಾಗೇ ಬಿಡುವುದು ಜಾಣತನವಲ್ಲ.

ಓದುವ ಕ್ರಮವೂ ಮುಖ್ಯ. ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಸಮ ಓದಿದರೆ ಈ ತಪ್ಪುಗಳು ಸಿಗುವುದಿಲ್ಲ. ಒಂದು ವಿಷಯ ಹಿಡಿದು ಇಡೀ ಕರಾರನ್ನು ಜಾಲಾಡಬೇಕು: ಒಮ್ಮೆ ಬರೀ ಲಾಕ್-ಇನ್ ಮತ್ತು ನೋಟಿಸ್, ಮತ್ತೊಮ್ಮೆ ಬಾಡಿಗೆ, ಇನ್ನೊಮ್ಮೆ ಅಡ್ವಾನ್ಸ್. ಆ ಮಾತು ಬಂದ ಕಡೆಯೆಲ್ಲ ಷರತ್ತಿನ ಸಂಖ್ಯೆ, ಅಂಕಿ, ತಾರೀಖನ್ನು ಬೇರೆ ಹಾಳೆಗೆ ಇಳಿಸಿಕೊಂಡರೆ ಹೊಂದದಿರುವುದು ಪಕ್ಕಪಕ್ಕದಲ್ಲೇ ಕಾಣುತ್ತದೆ.

ಇದೆಲ್ಲ ನೋಂದಣಿಗೆ ಮುಂಚೆ ಮುಗಿಯಬೇಕು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆಮೇಲೆ ತಪ್ಪು ಕಂಡರೆ ಪೆನ್ನಿನಿಂದ ತಿದ್ದುವಂತಿಲ್ಲ. ಉಭಯತ್ರರೂ ಮತ್ತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ತಿದ್ದುಪಡಿ ಪತ್ರ ಮಾಡಿಸಬೇಕು. ತಪ್ಪಿನಿಂದ ಲಾಭವಾಗುವವರು ಅಷ್ಟು ಸುಲಭಕ್ಕೆ ಬರುವುದಿಲ್ಲ.