ಒಂದೇ ಚಾನೆಲ್, ಹಲವು ಟವರ್

ಪ್ರಶ್ನೆ: ಒಂದೇ ಚಾನೆಲನ್ನು ಹಲವು ಮೊಬೈಲ್ ಟವರ್‌ಗಳು ಬಳಸಿದರೆ ಕರೆಗಳು ಕಲಸಿಹೋಗುವುದಿಲ್ಲವೇ?

ಉತ್ತರ: ಟವರ್‌ಗಳು ಹತ್ತಿರವಿದ್ದರೆ ಖಂಡಿತ ಕಲಸುತ್ತವೆ. ಅಮೆರಿಕದ ಹಳೆಯ ಅನಲಾಗ್ ಜಾಲವನ್ನೇ ನೋಡಿ. ಅಲ್ಲಿ ಒಂದು ಕಂಪನಿಗೆ ಮಾತಿಗೆಂದು ಇದ್ದದ್ದು 395 ಚಾನೆಲ್. ಏಳು ಸೆಲ್‌ಗಳ ಗುಂಪಿಗೆ ಹಂಚಿದರೆ ಸೆಲ್ಲಿಗೆ ಸುಮಾರು 56. ಪಕ್ಕದ ಗುಂಪಿನಲ್ಲಿ ಮತ್ತೆ ಅವೇ ಚಾನೆಲ್‌ಗಳು. ನಾಲ್ಕರ ಗುಂಪು ಮಾಡಿದರೆ ಸೆಲ್ಲಿಗೆ 98 ಸಿಗುತ್ತವೆ, ಲಾಭವೇ! ಆದರೆ ಒಂದೇ ಚಾನೆಲಿನ ಟವರ್‌ಗಳ ಅಂತರ ಸೆಲ್ ತ್ರಿಜ್ಯದ 4.6 ಪಟ್ಟಿನಿಂದ 3.5ಕ್ಕೆ ಕುಗ್ಗುತ್ತದೆ. ಸಿಗ್ನಲ್ ದೂರದ ನಾಲ್ಕನೇ ಘಾತದಂತೆ ಕುಂದುತ್ತದೆಂದು ಹಿಡಿದರೆ, ಸೆಲ್ಲಿನ ಅಂಚಿನಲ್ಲಿ ಅದು ಸುತ್ತಲಿನ ಆರು ಟವರ್‌ಗಳ ಒಟ್ಟು ಅಡ್ಡಿಯ 73 ಪಟ್ಟು ಇದ್ದದ್ದು 24ಕ್ಕೆ ಇಳಿಯುತ್ತದೆ. ಅನಲಾಗ್ ಮಾತು ಸ್ಪಷ್ಟವಾಗಿರಲು ಸುಮಾರು 63 ಪಟ್ಟು ಬೇಕು. ಸಿಗ್ನಲ್ ಜೋರಾಗಿದ್ದರೂ ಯಾರದೋ ಮಾತು ನಡುವೆ ತೂರುವುದು ಈ ಅಡ್ಡಿಯ ಗುರುತು. ಡಿಜಿಟಲ್ ಜಿಎಸ್‌ಎಂಗೆ ಸುಮಾರು 8 ಪಟ್ಟು ಸಾಕು. ಹಾಗಾಗಿ ಅಲ್ಲಿ ನಾಲ್ಕರ ಗುಂಪು ನಡೆಯಿತು.