ಮಗುವಿನ ಎತ್ತರಕ್ಕೆ ಎಡಗೈ ಹೇಳುವ ಸಾಕ್ಷಿ

ಮಸ್ಕತ್‌ನಲ್ಲಿ ನೆಲೆಸಿರುವ ಕನ್ನಡದ ಕುಟುಂಬವೊಂದರ ಹನ್ನೆರಡು ವರ್ಷದ ಹುಡುಗನನ್ನು ಊಹಿಸಿಕೊಳ್ಳೋಣ. ಎತ್ತರ 134 ಸೆಂಟಿಮೀಟರ್. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅವನ ವಯಸ್ಸಿನ ಹುಡುಗರ ಸರಾಸರಿ ಸುಮಾರು 149. ತರಗತಿಯ ಸಾಲಿನಲ್ಲಿ ಅವನೇ ಮುಂದೆ ನಿಲ್ಲಬೇಕು. ಮಕ್ಕಳ ವೈದ್ಯರು ಎಡಗೈ ಮತ್ತು ಮಣಿಕಟ್ಟಿನ ಒಂದು ಎಕ್ಸ್-ರೇ ತೆಗೆಸಿ ಎನ್ನುತ್ತಾರೆ. ಎತ್ತರದ ಚಿಂತೆಗೆ ಕೈಯ ಚಿತ್ರ ಯಾಕೆ ಎಂದು ಅಪ್ಪ ಅಮ್ಮನಿಗೆ ಅನಿಸುವುದು ಸಹಜ. ಆ ಚಿತ್ರ ಹುಡುಗ ಯಾಕೆ ಗಿಡ್ಡ ಎಂಬುದನ್ನು ಹೇಳುವುದಿಲ್ಲ. ಬೆಳೆಯಲು ಇನ್ನೆಷ್ಟು ಕಾಲ ಉಳಿದಿದೆ ಎಂಬುದನ್ನು ಹೇಳುತ್ತದೆ. ಈ ಎರಡನ್ನು ಒಂದೇ ಎಂದುಕೊಂಡರೆ ಅನಗತ್ಯ ಗಾಬರಿಯೂ ಆಗಬಹುದು, ಅಪಾಯಕಾರಿ ನಿಶ್ಚಿಂತೆಯೂ ಆಗಬಹುದು.

ಹುಟ್ಟಿದ ಮಗುವಿನ ಮಣಿಕಟ್ಟಿನ ಸಣ್ಣ ಎಲುಬುಗಳೆಲ್ಲ ಇನ್ನೂ ಮೃದ್ವಸ್ಥಿಯೇ ಆಗಿರುವುದರಿಂದ ಎಕ್ಸ್-ರೇಯಲ್ಲಿ ಅಲ್ಲಿ ಬರೀ ಖಾಲಿ ಜಾಗ ಕಾಣುತ್ತದೆ. ಸುಮಾರು ಮೂರು ತಿಂಗಳ ಹೊತ್ತಿಗೆ ಎರಡು ಚುಕ್ಕೆಗಳು ಮೂಡುತ್ತವೆ. ಉಳಿದವು ವರ್ಷಗಳ ಅಂತರದಲ್ಲಿ ಒಂದೊಂದಾಗಿ ಬರುತ್ತವೆ. ಮಗು ದೊಡ್ಡದಾದಂತೆ ವೈದ್ಯರು ಮಣಿಕಟ್ಟಿಗಿಂತ ಬೆರಳುಗಳನ್ನೇ ಹೆಚ್ಚು ನೋಡುತ್ತಾರೆ. ಪ್ರತಿ ಬೆರಳೆಲುಬಿನ ಬುಡದಲ್ಲಿ ಒಂದು ಚಿಕ್ಕ ತುಣುಕು ಬೇರೆಯಾಗಿ ಕಾಣುತ್ತದೆ, ಅದಕ್ಕೂ ಎಲುಬಿನ ಕಾಂಡಕ್ಕೂ ನಡುವೆ ಕಪ್ಪು ಗೆರೆ. ಎಲುಬು ಉದ್ದವಾಗುವುದು ಆ ಗೆರೆಯಲ್ಲಿ. ತುಣುಕು ಮೊದಲು ಕಾಂಡಕ್ಕಿಂತ ಕಿರಿದಾಗಿರುತ್ತದೆ, ಮುಂದೆ ಅಷ್ಟೇ ಅಗಲವಾಗುತ್ತದೆ, ಪ್ರಾಯಕ್ಕೆ ಬರುವಾಗ ಅದರ ಅಂಚು ಕಾಂಡದ ಮೇಲೆ ಬಾಗುತ್ತದೆ, ಕೊನೆಗೆ ಗೆರೆಯೇ ಅಳಿದು ಎರಡೂ ಕೂಡಿಕೊಳ್ಳುತ್ತವೆ. ಬೆರಳ ತುದಿಯ ಎಲುಬುಗಳು ಮೊದಲು ಕೂಡುತ್ತವೆ, ಮುಂಗೈ ಎಲುಬಿನ ತುದಿ ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ಮಾದರಿ ಚಿತ್ರಗಳ ಪುಸ್ತಕಕ್ಕೆ ಹೋಲಿಸಿ ಎಲುಬಿನ ವಯಸ್ಸನ್ನು ನಿರ್ಧರಿಸುತ್ತಾರೆ.

ನಮ್ಮ ಹುಡುಗನ ಎಲುಬಿನ ವಯಸ್ಸು ಹತ್ತು ಎಂದು ಬಂತೆನ್ನಿ. ಹತ್ತು ವರ್ಷದವರ ಸರಾಸರಿ ಎತ್ತರ ಸುಮಾರು 138. ಅವರ ನಡುವೆ 134 ಏನೂ ಕೊರತೆಯಲ್ಲ. ಹೀಗೆ ಎಲುಬು ಹಿಂದುಳಿದ ಹುಡುಗರಿಗಾಗಿ ಬೇಲಿ ಮತ್ತು ಪಿನೋ 1952ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ಈ ಹಂತದಲ್ಲಿ ಪೂರ್ಣ ಎತ್ತರದ ಸುಮಾರು ಶೇಕಡಾ 81ರಷ್ಟು ಮುಗಿದಿರುತ್ತದೆ. ಲೆಕ್ಕ ಹಾಕಿದರೆ ಅವನು ಸುಮಾರು 165ಕ್ಕೆ ನಿಲ್ಲಬಹುದು. ಅಪ್ಪ 168, ಅಮ್ಮ 155 ಇದ್ದರೆ ಎರಡನ್ನೂ ಕೂಡಿಸಿ, ಗಂಡುಮಗುವಾದ್ದರಿಂದ 13 ಸೇರಿಸಿ, ಅರ್ಧ ಮಾಡಿದಾಗ 168 ಬರುತ್ತದೆ. ಎರಡು ಅಂದಾಜುಗಳೂ ಹತ್ತಿರವೇ ಇವೆ. ಇದು ತಡವಾಗಿ ಬೆಳೆಯುವ ಮನೆತನದ ಹುಡುಗನ ಚಿತ್ರ ಇರಬಹುದು. ಅದೇ ಹುಡುಗನ ಎಲುಬಿನ ವಯಸ್ಸು ಹನ್ನೆರಡೇ ಆಗಿದ್ದರೆ ಅಂದಾಜು 161ರ ಆಸುಪಾಸಿಗೆ ಇಳಿಯುತ್ತಿತ್ತು.

ಹಾಗಾದರೆ ಎಲುಬು ಹಿಂದಿದ್ದರೆ ಸುಮ್ಮನೆ ಕಾಯಬಹುದಲ್ಲ ಎಂದು ಕೇಳುವವರಿದ್ದಾರೆ. ತಪ್ಪು ನಡೆಯುವುದು ಇಲ್ಲೇ. ಥೈರಾಯ್ಡ್ ಕೊರತೆ, ಬೆಳವಣಿಗೆಯ ಹಾರ್ಮೋನಿನ ಕೊರತೆ, ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆ ಇವೆಲ್ಲವೂ ಎಲುಬನ್ನು ಹಿಂದಿಡುತ್ತವೆ. ಒಮಾನಿನಲ್ಲಿ ಸಿಕಲ್ ಸೆಲ್ ಮತ್ತು ಥಲಸ್ಸೀಮಿಯಾ ಸಾಕಷ್ಟು ಸಾಮಾನ್ಯ. ಅವು ಇರುವ ಮಕ್ಕಳಲ್ಲೂ ಬೆಳವಣಿಗೆ ಹಿಂದೆ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ, ಗಿಡ್ಡವಿರುವ ಹುಡುಗಿಯ ಎಲುಬಿನ ವಯಸ್ಸು ಸರಿಯಾಗಿಯೇ ಇದ್ದರೂ ಟರ್ನರ್ ಸಿಂಡ್ರೋಮ್ ಇರಬಹುದು. ಅದನ್ನು ಖಚಿತಪಡಿಸುವುದು ಕ್ರೋಮೋಸೋಮ್ ಪರೀಕ್ಷೆ. ಆದ್ದರಿಂದ ಒಳ್ಳೆಯ ತಜ್ಞರು ವಯಸ್ಸಿನ ಅಂಕಿಗೇ ನಿಲ್ಲುವುದಿಲ್ಲ, ಚಿತ್ರದಲ್ಲಿ ಎಲುಬಿನ ಆಕಾರವನ್ನೂ ನೋಡುತ್ತಾರೆ. ಬಿಸಿಲಿನ ದೇಶದಲ್ಲಿದ್ದರೂ ಮಕ್ಕಳು ಇಡೀ ದಿನ ಎಸಿ ಕೋಣೆಯಲ್ಲೇ ಉಳಿದು ವಿಟಮಿನ್ ಡಿ ತೀರಾ ಕಡಿಮೆಯಾದರೆ ಮುಂಗೈ ಎಲುಬಿನ ತುದಿ ಬಟ್ಟಲಿನಂತೆ ತಗ್ಗಿ, ಅಂಚು ಸವೆದು ನೂಲು ಬಿಟ್ಟಂತೆ ಕಾಣುತ್ತದೆ. ಅದು ರಿಕೆಟ್ಸ್. ನಾಲ್ಕನೆಯ ಬೆರಳಿನ ಅಂಗೈ ಎಲುಬು ಗಿಡ್ಡವಿದ್ದರೆ ಟರ್ನರ್ ಬಗ್ಗೆ ಯೋಚಿಸಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹೋಲಿಕೆಗೆ ಬಳಸುವ ಗ್ರೂಲಿಕ್ ಮತ್ತು ಪೈಲ್ ಅವರ ಪ್ರಸಿದ್ಧ ಪುಸ್ತಕ ಬಂದದ್ದು 1950ರಲ್ಲಿ, ಪರಿಷ್ಕೃತ ಆವೃತ್ತಿ 1959ರಲ್ಲಿ. ಅದರ ಚಿತ್ರಗಳು 1930ರ ದಶಕದಿಂದ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಅನುಕೂಲಸ್ಥ ಬಿಳಿಯರ ಮಕ್ಕಳಿಂದ ತೆಗೆದವು. ಅವುಗಳಿಂದ ಮಸ್ಕತ್‌ನ ಒಮಾನಿ ಮಗುವನ್ನೋ ಮಂಗಳೂರಿನ ಮಗುವನ್ನೋ ಅಳೆಯುವುದು ಸರಿಯೇ? ಪೂರ್ತಿ ಸರಿಯಲ್ಲ, ಒಪ್ಪಬೇಕು. ಒಂದೇ ಚಿತ್ರಕ್ಕೆ ಇಬ್ಬರು ವೈದ್ಯರು ಹೇಳುವ ವಯಸ್ಸಿನಲ್ಲೂ ಕೆಲವು ತಿಂಗಳ ವ್ಯತ್ಯಾಸ ಬರುತ್ತದೆ. ಆರೋಗ್ಯವಂತ ಶಾಲಾಮಕ್ಕಳಲ್ಲೇ ಸುಮಾರು ಎರಡು ವರ್ಷ ಹಿಂದುಮುಂದಾಗುವುದು ಸಾಮಾನ್ಯದ ಮಿತಿಯೊಳಗೇ ಬರುತ್ತದೆ. ಆದರೆ ಇದರಿಂದ ಪರೀಕ್ಷೆ ವ್ಯರ್ಥವಾಗುವುದಿಲ್ಲ. ಅದೇ ಮಗುವಿನ ಎರಡು ಚಿತ್ರಗಳನ್ನು, ಸುಮಾರು ಒಂದು ವರ್ಷದ ಅಂತರದಲ್ಲಿ, ಒಬ್ಬರೇ ತಜ್ಞರು ನೋಡಿದರೆ ಪುಸ್ತಕದ ದೋಷ ಬಹುಮಟ್ಟಿಗೆ ಎರಡರಲ್ಲೂ ಒಂದೇ ಆಗಿರುತ್ತದೆ. ನಡುವಿನ ಬದಲಾವಣೆ ಸಾಕಷ್ಟು ನಂಬಲರ್ಹ. ಬೇಸಗೆ ರಜೆಗೆ ಊರಿಗೆ ಬಂದಾಗ ಬೇರೆ ಆಸ್ಪತ್ರೆಗೆ ತೋರಿಸುವ ಕುಟುಂಬಗಳು ವರದಿಯ ಹಾಳೆಯ ಜೊತೆಗೆ ಮೂಲ ಚಿತ್ರವನ್ನೂ, ದಿನಾಂಕ ಸಮೇತ ಎತ್ತರದ ದಾಖಲೆಯನ್ನೂ ತರಬೇಕಾದದ್ದು ಇದಕ್ಕಾಗಿಯೇ. ವಿಕಿರಣದ ಭಯ ಬೇಡ. ಕೈಯ ಒಂದು ಎಕ್ಸ್-ರೇಯಿಂದ ಬರುವುದು ನಿಸರ್ಗದಿಂದ ನಮಗೆ ಒಂದು ದಿನದಲ್ಲಿ ತಾಗುವುದಕ್ಕಿಂತ ಕಡಿಮೆ.

ನಮ್ಮ ಹುಡುಗ ಒಂದು ವರ್ಷದಲ್ಲಿ ಐದು ಸೆಂಟಿಮೀಟರ್ ಬೆಳೆದು, ಎಲುಬಿನ ವಯಸ್ಸೂ ಹತ್ತರಿಂದ ಹನ್ನೊಂದಕ್ಕೆ ಬಂದಿದ್ದರೆ ಕಾಯಬಹುದು. ಬೆಳೆದದ್ದು ಮೂರೇ ಸೆಂಟಿಮೀಟರ್, ಎಲುಬು ಮುಂದೆ ಸರಿದದ್ದು ನಾಲ್ಕೇ ತಿಂಗಳು ಎಂದಾದರೆ, ಉಳಿದ ಕಾಲ ಇನ್ನೂ ಬೇಕಾದಷ್ಟಿದೆ ಎಂಬ ಸಮಾಧಾನ ಕೆಲಸಕ್ಕೆ ಬಾರದು. ಆಗ ರಕ್ತದಲ್ಲಿ ಥೈರಾಯ್ಡ್, ಸೀಲಿಯಾಕ್, ಬೆಳವಣಿಗೆಯ ಹಾರ್ಮೋನಿನ ಪರೀಕ್ಷೆಗಳನ್ನು ಮಕ್ಕಳ ಹಾರ್ಮೋನು ತಜ್ಞರ ಬಳಿ ಆ ತಿಂಗಳೇ ಶುರು ಮಾಡಿಸಬೇಕು, ಯಾಕೆಂದರೆ ಎಲುಬುಗಳ ಬೆಳವಣಿಗೆಯ ಗೆರೆಗಳು ಮುಚ್ಚಿದ ಮೇಲೆ ಯಾವ ಚುಚ್ಚುಮದ್ದೂ ಎಲುಬನ್ನು ಉದ್ದ ಮಾಡದು.