ಬಡ್ಡಿಯ ಅಂತರದಲ್ಲಿ ಅಡಗಿದ್ದ ಸುಸ್ತಿ

ಕಂಪನಿಯ ಬಾಂಡ್ ಸರ್ಕಾರಿ ಬಾಂಡಿಗಿಂತ ಹೆಚ್ಚು ಇಳುವರಿ ಕೊಡುವುದೇಕೆ? 1959ರಲ್ಲಿ ಅಮೆರಿಕದ ಲಾರೆನ್ಸ್ ಫಿಶರ್ ಇದಕ್ಕೆ ಉತ್ತರವನ್ನು ಕಂಪನಿಗಳ ಒಳಗೇ ಹುಡುಕಿದರು: ಲಾಭ ಎಷ್ಟು ಏರಿಳಿಯುತ್ತದೆ, ಸಾಲ ತೀರಿಸುವುದರಲ್ಲಿ ತಪ್ಪದೆ ಕಂಪನಿ ಎಷ್ಟು ವರ್ಷ ನಡೆದಿದೆ ಎಂದು. 1975ರಲ್ಲಿ ಹೆರಾಲ್ಡ್ ಬಿಯರ್‌ಮನ್ ಮತ್ತು ಜೆರೋಮ್ ಹ್ಯಾಸ್ ಸುಸ್ತಿಯ ಸಂಭವವನ್ನೇ ಲೆಕ್ಕದೊಳಗೆ ತಂದರು. ಪ್ರತಿ ವರ್ಷವೂ ಕಂಪನಿ ಉಳಿಯುವ ಸಂಭವ ಒಂದೇ ಎಂದುಕೊಂಡರೆ, ಆ ಸಂಭವಕ್ಕೂ ಇಳುವರಿಯ ಅಂತರಕ್ಕೂ ನೇರ ಸಂಬಂಧ ಸಿಗುತ್ತದೆ. ಅದನ್ನು ತಿರುಗಿಸಿದರೆ ಅಂತರದಿಂದಲೇ ಸಂಭವವನ್ನು ಓದಬಹುದು.

ಒಂದು ಲೆಕ್ಕ ಮಾಡೋಣ. ಒಂದು ವರ್ಷಕ್ಕೆ ಸರ್ಕಾರಿ ಬಾಂಡ್ ಶೇ. 7, ಕಂಪನಿ ಬಾಂಡ್ ಶೇ. 9 ಕೊಡುತ್ತವೆ. ನೂರು ರೂಪಾಯಿಗೆ ಸರ್ಕಾರ 107 ಖಂಡಿತ ಕೊಡುತ್ತದೆ. ಕಂಪನಿ 109 ಕೊಡುವ ಮಾತು ಕೊಟ್ಟಿದೆ. ಸುಸ್ತಿಯಾದರೆ ಮಾತು ಕೊಟ್ಟದ್ದರಲ್ಲಿ ಶೇ. 40 ವಸೂಲಾಗುತ್ತದೆ ಎನ್ನೋಣ. ಎರಡೂ ಬಾಂಡುಗಳ ಸರಾಸರಿ ಗಳಿಕೆ ಸಮವಾಗಬೇಕಾದರೆ ಸುಸ್ತಿಯ ಸಂಭವ ಸುಮಾರು ಶೇ. 3.06 ಇರಬೇಕು. ಅಂದರೆ ಉಳಿಯುವ ಸಂಭವ ಶೇ. 96.94. ಪ್ರತಿ ವರ್ಷವೂ ಇದೇ ಸ್ಥಿತಿ ಎಂದಾದರೆ ಐದು ವರ್ಷಗಳ ಈ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಬೇಕು: ಐದು ವರ್ಷ ಉಳಿಯುವ ಸಂಭವ ಸುಮಾರು ಶೇ. 85.6.

ಇಲ್ಲಿ ಎಚ್ಚರ ಬೇಕಾದದ್ದು ವಸೂಲಿಯ ಊಹೆಯಲ್ಲಿ. ಅದನ್ನು ಶೇ. 60ಕ್ಕೆ ಏರಿಸಿದರೆ ಅದೇ ಅಂತರದಿಂದ ಬರುವ ಸುಸ್ತಿಯ ಸಂಭವ ಶೇ. 4.6 ದಾಟುವುದಿಲ್ಲವಾದರೂ ಅದರ ಹತ್ತಿರಕ್ಕೇ ಹೋಗುತ್ತದೆ. ಏನೂ ವಸೂಲಾಗದು ಎಂದರೆ ಶೇ. 1.83ಕ್ಕೆ ಇಳಿಯುತ್ತದೆ. ಒಂದೇ ಬಾಂಡಿನ ಬೆಲೆ ಸುಸ್ತಿಯ ಸಂಭವವನ್ನೂ ವಸೂಲಿಯನ್ನೂ ಬೇರ್ಪಡಿಸಿ ಹೇಳಲಾರದು.

ಈ ಸಂಭವ ನಿಜವಾದ ಸುಸ್ತಿಗಳಿಗೆ ಹೊಂದುತ್ತದೆಯೇ? 1987ರಲ್ಲಿ ಜೆರೋಮ್ ಫಾನ್ಸ್ ಹೋಲಿಸಿ ನೋಡಿದಾಗ, ಕೆಳದರ್ಜೆಯ ಬಾಂಡುಗಳ ಬೆಲೆ ಸೂಚಿಸಿದಷ್ಟು ಸುಸ್ತಿ ನಡೆದಿರಲಿಲ್ಲ. 2005ರಲ್ಲಿ ಜಾನ್ ಹಲ್, ಮಿರೆಲಾ ಪ್ರೆಡೆಸ್ಕು ಮತ್ತು ಅಲನ್ ವೈಟ್ ದರ್ಜೆವಾರು ಲೆಕ್ಕ ತೆಗೆದರು. 'ಎ' ದರ್ಜೆಯಲ್ಲಿ ಇತಿಹಾಸ ತೋರಿಸಿದ ಸುಸ್ತಿ ವರ್ಷಕ್ಕೆ ಶೇ. 0.13, ಬಾಂಡಿನ ಬೆಲೆಯಿಂದ ಬಂದದ್ದು ಶೇ. 1.28, ಸುಮಾರು ಹತ್ತು ಪಟ್ಟು. 'ಬಿ' ದರ್ಜೆಯಲ್ಲಿ ಮಾತ್ರ ಇವು 7.49 ಮತ್ತು 9.02.

ನನಗೆ ಈ ಕತೆಯಲ್ಲಿ ಅತಿ ಮುಖ್ಯವಾಗಿ ಕಾಣುವುದು ಈ ಹತ್ತು ಪಟ್ಟು. ಸುಸ್ತಿಗಳು ಒಂದೊಂದಾಗಿ ಬರುವುದಿಲ್ಲ. ಆರ್ಥಿಕತೆ ಕುಸಿದಾಗ ಗುಂಪಾಗಿ ಬರುತ್ತವೆ. ನೂರು ಕಂಪನಿಗಳಿಗೆ ಹಣ ಹಂಚಿದರೂ ಆ ಅಪಾಯ ತಪ್ಪದು, ಅದನ್ನು ಹೊರುವವರು ಹೆಚ್ಚುವರಿ ಪ್ರತಿಫಲ ಕೇಳುತ್ತಾರೆ. ಬೇಕೆಂದಾಗ ಮಾರಲಾಗದ ಬಾಂಡಿಗೂ ಹಾಗೆಯೇ. ಹೀಗಾಗಿ ಅಂತರದಿಂದ ಬಂದ ಸಂಭವ ಇನ್ನೊಂದು ಬಾಂಡಿಗೆ ಬೆಲೆ ಕಟ್ಟಲು ಸರಿ. ಎಷ್ಟು ಕಂಪನಿಗಳು ಮುಳುಗಬಹುದು ಎಂದು ಅಂದಾಜಿಸಲು ಇತಿಹಾಸದ ದರವೇ ಬೇಕು. ಅಳತೆಯ ಬುಡದಲ್ಲೂ ತೊಡಕಿದೆ: ತೆರಿಗೆ ಮತ್ತು ನಿಯಮಗಳ ಅನುಕೂಲದಿಂದ ಅಮೆರಿಕದ ಸರ್ಕಾರಿ ಬಾಂಡಿನ ಇಳುವರಿ ತೀರ ತಗ್ಗಿರುತ್ತದೆ ಎಂದು ಹಲ್ ತಂಡ ಅದರ ಬದಲು ಬ್ಯಾಂಕುಗಳ ಸ್ವಾಪ್ ದರದಿಂದ ಅಂತರ ಅಳೆಯಿತು.